ಬೈಕ್ ಕಳ್ಳತನದ ಕ್ಲೇಮ್: ದುಡ್ಡು ಬಂತು, ಆದರೆ ಸಿ ರಿಪೋರ್ಟ್ ಬಂದ ಮೇಲೆ

ರೇಟಿಂಗ್: 5ಕ್ಕೆ 3

ಬೈಕ್ ಕೊಂಡಾಗಿನಿಂದ ಒಂದೇ ಕಂಪನಿಯ ಕಾಂಪ್ರಹೆನ್ಸಿವ್ ಪಾಲಿಸಿ ನನ್ನದು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದವರಿಗೆ ಕಳ್ಳತನಕ್ಕೆ ಒಂದು ರೂಪಾಯಿಯೂ ಸಿಗುವುದಿಲ್ಲ, ಅಂಥವರಿಗೆ ಈ ವಿಮರ್ಶೆ ಬೇಡ. ನನ್ನ ಬೈಕ್ ಹೋಗಿದ್ದು ಬೆಂಗಳೂರಿನಲ್ಲಿ, ರಾತ್ರಿ ಮನೆ ಮುಂದೆ ನಿಲ್ಲಿಸಿದ್ದಾಗ.

ಸ್ಟೇಷನ್‌ನಲ್ಲಿ ಮೊದಲು ಸಿಕ್ಕ ಮಾತು, "ಎರಡು ದಿನ ಹುಡುಕಿ ನೋಡಿ ಸಾರ್, ಆಮೇಲೆ ಬನ್ನಿ." ಇದಕ್ಕೆ ತಲೆ ಆಡಿಸಿ ಬರಬೇಡಿ. ಅಂದೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಕೇಳಿ ಪಡೆಯಿರಿ. ವಿಮಾ ಕಂಪನಿಗೂ ಅಂದೇ ಫೋನ್ ಮಾಡಿ, ಇಮೇಲ್ ಹಾಕಿ. ಎಫ್‌ಐಆರ್ ತಕ್ಷಣ ಆಗಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹಾಗಂತ ಆ ತೀರ್ಪು ಹಿಡಿದು ವಾದ ಮಾಡುವ ಪರಿಸ್ಥಿತಿ ಯಾಕೆ ಬೇಕು ಹೇಳಿ. ಎಫ್‌ಐಆರ್ ಪ್ರತಿ ಕೈಗೆ ಬಂದಾಗ ಚಾಸಿಸ್ ನಂಬರ್, ಇಂಜಿನ್ ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ ನೋಡಿ. ಒಂದು ಅಂಕಿ ತಪ್ಪಿದ್ದರೂ ಫೈಲ್ ಅಲ್ಲೇ ನಿಂತುಬಿಡುತ್ತದೆ.

ಕಂಪನಿ ಒಬ್ಬ ಇನ್ವೆಸ್ಟಿಗೇಟರ್ ಕಳಿಸಿತು. ಅವರಿಗೆ ಜಾಸ್ತಿ ಆಸಕ್ತಿ ಇದ್ದಿದ್ದು ಕೀಗಳ ಬಗ್ಗೆ. ಬೈಕ್ ಜೊತೆ ಬಂದ ಎರಡೂ ಒರಿಜಿನಲ್ ಕೀ ಬೇಕು. ಒಂದೇ ಇದ್ದರೆ, ಕೀ ಬೈಕಲ್ಲೇ ಬಿಟ್ಟಿದ್ದಿರಾ ಎಂಬ ಪ್ರಶ್ನೆ ಶುರುವಾಗುತ್ತದೆ. ಕೀ ಕೊಡುವಾಗ ರಸೀದಿ ಪಡೆಯಿರಿ. ಆರ್‌ಟಿಒಗೂ ಎಫ್‌ಐಆರ್ ಪ್ರತಿ ಸೇರಿಸಿ ಒಂದು ಪತ್ರ ಕೊಡಿ, ಬೇರೆಯವರ ಹೆಸರಿಗೆ ಗಾಡಿ ವರ್ಗಾವಣೆ ಆಗಬಾರದಲ್ಲ.

ಇಲ್ಲಿಂದ ಮುಂದೆ ಕಾಯುವ ಕೆಲಸ. ಕಸ್ಟಮರ್ ಕೇರ್‌ನವರು "ಮೂರು ತಿಂಗಳು ಸಾರ್" ಅನ್ನುತ್ತಾರೆ. 90 ದಿನ ಎಂಬುದು ರೂಢಿಯ ಲೆಕ್ಕ ಅಷ್ಟೇ, ಆ ದಿನ ದುಡ್ಡು ಬರುತ್ತದೆ ಎಂದಲ್ಲ. ಕಂಪನಿ ನಿಜವಾಗಿ ಕಾಯುವುದು ಸಿ ರಿಪೋರ್ಟ್‌ಗೆ. ಹುಡುಕಿದೆವು, ಗಾಡಿಯೂ ಕಳ್ಳನೂ ಪತ್ತೆಯಾಗಲಿಲ್ಲ ಎಂದು ಪೊಲೀಸರು ಕೋರ್ಟಿಗೆ ಕೊಡುವ ವರದಿ ಅದು. ತನಿಖಾಧಿಕಾರಿ ಅದನ್ನು ಬರೆಯಬೇಕು, ಅದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬೇಕು, ದೂರುದಾರರಿಗೆ ನೋಟಿಸ್ ಬರಬೇಕು, ಕೋರ್ಟ್ ಒಪ್ಪಬೇಕು. ನನ್ನ ಕಂಪನಿ ಸ್ಟೇಷನ್ ಕೊಟ್ಟ ಪ್ರತಿಯನ್ನು ಒಪ್ಪಲಿಲ್ಲ. ಕೋರ್ಟ್ ಒಪ್ಪಿದ ಆದೇಶದ ದೃಢೀಕೃತ ನಕಲೇ ಬೇಕೆಂದಿತು. ಈ ಮಾತನ್ನು ಮೊದಲೇ ಹೇಳಬೇಕಿತ್ತು, ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಅದಕ್ಕೇ. ನೀವು ಮೊದಲ ವಾರವೇ ಇಮೇಲ್‌ನಲ್ಲಿ ಕೇಳಿ: ಪೊಲೀಸ್ ಪ್ರತಿ ಸಾಕೋ, ಕೋರ್ಟಿನದೇ ಬೇಕೋ?

ಕೋರ್ಟಿನಲ್ಲಿ ಆಕ್ಷೇಪಣೆ ಇದೆಯೇ ಎಂದು ಕೇಳುತ್ತಾರೆ. ಇಲ್ಲ ಎಂದರೆ ಬೈಕ್ ಆಸೆ ಬಿಟ್ಟ ಹಾಗೆ ಎಂದು ನಮ್ಮ ಬೀದಿಯವರೊಬ್ಬರು ಹೆದರಿಸಿದ್ದರು. ಹಾಗೇನಿಲ್ಲ. ಮುಂದೆ ಸುಳಿವು ಸಿಕ್ಕರೆ ಪೊಲೀಸರು ತನಿಖೆ ಮುಂದುವರಿಸಬಹುದು. ಆದರೆ ಅಷ್ಟರಲ್ಲಿ ಕ್ಲೇಮ್ ದುಡ್ಡು ಬಂದಿದ್ದರೆ ಸಿಕ್ಕ ಗಾಡಿ ಕಂಪನಿಯದು. ಅದಕ್ಕಾಗಿಯೇ ಗಾಡಿ ವರ್ಗಾವಣೆಯ ಫಾರ್ಮ್ 28, 29, 30ಕ್ಕೆ ಸಹಿ, ನಮ್ಮ ಹಕ್ಕನ್ನು ಕಂಪನಿಗೆ ಬಿಟ್ಟುಕೊಡುವ ಸಬ್ರೋಗೇಷನ್ ಪತ್ರ, ಕಂಪನಿಗೆ ನಷ್ಟವಾದರೆ ತುಂಬಿಕೊಡುತ್ತೇವೆ ಎನ್ನುವ ಇಂಡೆಮ್ನಿಟಿ ಬಾಂಡ್ ಎಲ್ಲ ಮೊದಲೇ ಹಾಕಿಸಿಕೊಳ್ಳುತ್ತಾರೆ.

ದುಡ್ಡಿನ ಲೆಕ್ಕ ಸರಳ. ನನ್ನ ಮಾಡೆಲ್‌ನ ಶೋರೂಮ್ ಬೆಲೆ 95,000. ರಿನ್ಯೂ ಮಾಡುವಾಗ ಬೈಕಿಗೆ ಎರಡು ವರ್ಷ ದಾಟಿತ್ತು, ಮೂರು ತುಂಬಿರಲಿಲ್ಲ. ಆ ವಯಸ್ಸಿಗೆ 30% ಸವಕಳಿ, ಹಾಗಾಗಿ ಐಡಿವಿ, ಅಂದರೆ ಪಾಲಿಸಿಯಲ್ಲಿ ಬೈಕಿಗೆ ಕಟ್ಟಿದ ಬೆಲೆ, 66,500. ದ್ವಿಚಕ್ರಕ್ಕೆ ಕಡ್ಡಾಯ ಕಡಿತ 100 ರೂಪಾಯಿ, ಉಳಿದಿದ್ದು 66,400. ಅದರಲ್ಲಿ ಬಾಕಿ ಸಾಲ 14,000 ನೇರ ಫೈನಾನ್ಸ್ ಕಂಪನಿಗೆ ಹೋಗಿ, ನನ್ನ ಖಾತೆಗೆ 52,400 ಬಂತು. ರಿಪೇರಿಯಲ್ಲಿ ಬಿಡಿಭಾಗಗಳ ಸವಕಳಿ ಕಳೆಯದ ಝೀರೋ ಡೆಪ್ ಆಡ್-ಆನ್ ಇದ್ದರೂ ಕಳ್ಳತನಕ್ಕೆ ಇದೇ ಲೆಕ್ಕ. ಬಿಲ್ ಬೆಲೆ ಬೇಕೆಂದರೆ ರಿಟರ್ನ್ ಟು ಇನ್‌ವಾಯ್ಸ್ ಎಂಬ ಆಡ್-ಆನ್ ಇರಬೇಕು. ಪ್ರೀಮಿಯಂ ಸ್ವಲ್ಪ ಇಳಿಯುತ್ತದೆ ಎಂದು ಆನ್‌ಲೈನ್ ರಿನ್ಯೂವಲ್‌ನಲ್ಲಿ ಐಡಿವಿ ಕಡಿಮೆ ಮಾಡುವವರು ಈ ದಿನ ನೆನೆಸಿಕೊಳ್ಳಲಿ. ಬೈಕ್ ಇಲ್ಲದಿದ್ದರೂ ಕಾಯುವಷ್ಟು ತಿಂಗಳು ಇಎಂಐ ಕಟ್ಟಲೇಬೇಕು. ನಿಲ್ಲಿಸಿದರೆ ಸಿಬಿಲ್ ಸ್ಕೋರ್ ಹಾಳು.

ನಕಲು ಕೊಟ್ಟ ಮೇಲೆ ಕಂಪನಿ ಜಾಸ್ತಿ ಸತಾಯಿಸಲಿಲ್ಲ, ಕೆಲವೇ ವಾರಗಳಲ್ಲಿ ಮುಗಿಸಿತು. ಅದಕ್ಕೂ ಮೊದಲು "ಪ್ರೊಸೆಸ್‌ನಲ್ಲಿದೆ" ಎಂಬ ಉತ್ತರ ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ, ಇನ್ನೊಂದು ಸ್ಟಾರ್ ಹೋಗಿದ್ದು ಅಲ್ಲಿ. ಎಲ್ಲ ಕಾಗದ ಕೊಟ್ಟ ಮೇಲೂ ಎಳೆದರೆ ಕಂಪನಿಯ ಗ್ರೀವನ್ಸ್ ವಿಭಾಗಕ್ಕೆ ಲಿಖಿತವಾಗಿ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಇಂಥ ದೂರು ಬಗೆಹರಿಸುವ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಬೆಂಗಳೂರಿನಲ್ಲೇ ಕಚೇರಿ ಇದೆ, ಶುಲ್ಕವಿಲ್ಲ, ವಕೀಲರೂ ಬೇಡ.