ತತ್ಕಾಲ್ ಟಿಕೆಟ್‌ಗೆ ಯುಪಿಐ ಒಳ್ಳೆಯದೋ, ಇ-ವ್ಯಾಲೆಟ್ಟೋ?

ಎಸಿ ತತ್ಕಾಲ್ ಬೆಳಿಗ್ಗೆ 10ಕ್ಕೆ, ಸ್ಲೀಪರ್ 11ಕ್ಕೆ ತೆರೆಯುತ್ತದೆ. ಯಾವ ದಾರಿ ಹಿಡಿದರೂ ಪ್ರಯಾಣಿಕರ ಹೆಸರು, ವಯಸ್ಸುಗಳನ್ನು ಬುಕಿಂಗ್‌ನ ಹಿಂದಿನ ದಿನವೇ ಐಆರ್‌ಸಿಟಿಸಿ ಆ್ಯಪ್‌ನ ಮಾಸ್ಟರ್ ಲಿಸ್ಟ್‌ಗೆ ಸೇರಿಸಿಡಿ. ಆಮೇಲೆ ಟಿಕ್ ಹಾಕಿದರೆ ಸಾಕು. ತತ್ಕಾಲ್‌ನಲ್ಲಿ ಒಂದು ಟಿಕೆಟ್‌ಗೆ ನಾಲ್ಕೇ ಜನ.

ಯುಪಿಐಗೆ ಮುಂಗಡ ಹಣ ಬೇಕಿಲ್ಲ. ಆದರೆ ಇನ್ನೊಂದು ಆ್ಯಪ್‌ಗೆ ಹೋಗಿ ಪಿನ್ ಒತ್ತಿ ವಾಪಸ್ ಬರಬೇಕು, ಬ್ಯಾಂಕ್ ಸರ್ವರ್ ಕೂಡ ಓಗೊಡಬೇಕು. ಪಾವತಿ ಸಿಕ್ಕಿಕೊಳ್ಳುವುದು ಅಲ್ಲೇ. ಐಆರ್‌ಸಿಟಿಸಿಯದೇ ಇ-ವ್ಯಾಲೆಟ್‌ನಲ್ಲಿ ಹಣ ಮೊದಲೇ ಇರುವುದರಿಂದ ಆ ಓಡಾಟ ತಪ್ಪುತ್ತದೆ. ಹಣ ಮಾತ್ರ ಅಲ್ಲೇ ಕೂತಿರುತ್ತದೆ.

ಪದೇ ಪದೇ ತತ್ಕಾಲ್ ಮಾಡುವವರಿಗೆ ವ್ಯಾಲೆಟ್ಟೇ ಸರಿ ಅಂತೀನಿ. ತಿಂಗಳು ಮುಂಚೆ ಬುಕ್ ಮಾಡುವವರಿಗೆ ಯುಪಿಐ ಧಾರಾಳವಾಯಿತು. ಹಣ ಕಡಿತವಾಗಿ ಟಿಕೆಟ್ ಕಾಣದಿದ್ದರೆ ಮತ್ತೆ ಪಾವತಿಸುವ ಮುನ್ನ ಬುಕಿಂಗ್ ಪಟ್ಟಿ ನೋಡಿ. ಟಿಕೆಟ್ ಆಗಿರದಿದ್ದರೆ ಹಣ ತಾನಾಗಿಯೇ ಖಾತೆಗೆ ಮರಳುತ್ತದೆ.