ನಾರಾಂಜೊ ಅಂಕವೋ, ಡಬ್ಲ್ಯುಎಚ್‌ಒ-ಯುಎಂಸಿ ವರ್ಗವೋ? ಒಂದೇ ದದ್ದಿನ ವರದಿ, ಎರಡು ಅಳತೆ

ಔಷಧಿಯ ಅಡ್ಡಪರಿಣಾಮ, ಅಂದರೆ ಎಡಿಆರ್ ದಾಖಲಿಸುವ ಕೇಂದ್ರಕ್ಕೆ ಬಂದ ವರದಿಗಳನ್ನು ಒಟ್ಟುಮಾಡಿ ಪೇಪರ್ ಬರೆಯುವವರು ಕಾಸಾಲಿಟಿ, ಅಂದರೆ ಪರಿಣಾಮಕ್ಕೆ ಆ ಔಷಧಿಯೇ ಕಾರಣವೇ ಎಂದು ನಿರ್ಧರಿಸಲು ಸಾಮಾನ್ಯವಾಗಿ ಹಿಡಿಯುವುದು ಎರಡು ದಾರಿ. ಒಂದು, 1981ರ ನಾರಾಂಜೊ ಸ್ಕೇಲ್: ಹತ್ತು ಪ್ರಶ್ನೆ, ಒಟ್ಟು ಅಂಕ. 9 ಅಥವಾ ಹೆಚ್ಚು ಬಂದರೆ ಡೆಫಿನೆಟ್, 5ರಿಂದ 8 ಪ್ರಾಬಬಲ್, 1ರಿಂದ 4 ಪಾಸಿಬಲ್, ಸೊನ್ನೆ ಅಥವಾ ಕಡಿಮೆ ಇದ್ದರೆ ಡೌಟ್‌ಫುಲ್. ಇನ್ನೊಂದು, ಡಬ್ಲ್ಯುಎಚ್‌ಒ-ಯುಎಂಸಿ ಪದ್ಧತಿ: ಅಂಕವಿಲ್ಲ, ಆರು ವರ್ಗಗಳಿವೆ, ತೀರ್ಮಾನ ಪರಿಶೀಲಕರದ್ದು. ನಮ್ಮ ದೇಶದ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮವಾದ ಪಿವಿಪಿಐ ಬಳಸುವುದು ಎರಡನೆಯದನ್ನು.

ಒಂದು ಮಾದರಿ ವರದಿಯ ಮೇಲೆ ಎರಡನ್ನೂ ಹಾಕಿ ನೋಡೋಣ. ಮೂತ್ರದ ಸೋಂಕಿಗೆ ಕೋಟ್ರೈಮಾಕ್ಸಜೋಲ್, ಮಂಡಿನೋವಿಗೆ ಐಬುಪ್ರೊಫೆನ್, ಎರಡೂ ಒಂದೇ ದಿನ ಶುರು. ಎಂಟನೇ ದಿನ ಮೈತುಂಬ ಕೆಂಪು ದದ್ದು. ವೈದ್ಯರು ನೋಡಿ ದಾಖಲಿಸಿದ್ದಾರೆ. ಅಂದೇ ಎರಡನ್ನೂ ನಿಲ್ಲಿಸಲಾಯಿತು. ಆರು ದಿನಗಳಲ್ಲಿ ದದ್ದು ಹೋಯಿತು. ಜ್ವರವಿಲ್ಲ, ಬೇರೆ ಔಷಧಿಯಿಲ್ಲ.

ನಾರಾಂಜೊದಲ್ಲಿ ಕೋಟ್ರೈಮಾಕ್ಸಜೋಲ್‌ಗೆ: ಹಿಂದೆ ವರದಿಗಳಿವೆ +1, ಔಷಧಿಯ ನಂತರ ಬಂದಿದೆ +2, ನಿಲ್ಲಿಸಿದಾಗ ಇಳಿದಿದೆ +1, ಬೇರೆ ಕಾರಣ ಇರಬಹುದು (ಐಬುಪ್ರೊಫೆನ್) −1, ವಸ್ತುನಿಷ್ಠ ಪುರಾವೆ ಇದೆ +1. ಮಿಕ್ಕ ಐದಕ್ಕೆ ಉತ್ತರ ಗೊತ್ತಿಲ್ಲ, ಸೊನ್ನೆ. ಒಟ್ಟು 4, ಪಾಸಿಬಲ್. ಐಬುಪ್ರೊಫೆನ್‌ಗೂ ಅದೇ ಲೆಕ್ಕ, ಅದೇ 4. ಡಬ್ಲ್ಯುಎಚ್‌ಒ-ಯುಎಂಸಿಯಲ್ಲೂ ಎರಡೂ ಪಾಸಿಬಲ್, ಏಕೆಂದರೆ ಒಂದಕ್ಕೊಂದು ಪರ್ಯಾಯ ಕಾರಣ. ಇಲ್ಲಿಯವರೆಗೆ ಜಗಳವಿಲ್ಲ.

ಎರಡು ವಾರದ ನಂತರ ಫಾಲೋಅಪ್ ಬಂತೆನ್ನಿ: ರೋಗಿ ಐಬುಪ್ರೊಫೆನ್ ಮತ್ತೆ ತೆಗೆದುಕೊಂಡಿದ್ದಾರೆ, ದದ್ದು ಬಂದಿಲ್ಲ. ಈಗ ಕೋಟ್ರೈಮಾಕ್ಸಜೋಲ್‌ಗೆ ಪರ್ಯಾಯ ಕಾರಣ ಉಳಿಯಲಿಲ್ಲ. ಐದನೇ ಪ್ರಶ್ನೆ −1ರಿಂದ +2ಕ್ಕೆ ಹೋಗುತ್ತದೆ, ಒಟ್ಟು 7, ಪ್ರಾಬಬಲ್. ಯುಎಂಸಿಯಲ್ಲೂ ಪ್ರಾಬಬಲ್, ಆ ವರ್ಗಕ್ಕೆ ಔಷಧಿ ಮತ್ತೆ ಕೊಟ್ಟು ನೋಡುವ ರೀಚಾಲೆಂಜ್ ಬೇಕೆಂದಿಲ್ಲ. ಸೋಜಿಗವಿರುವುದು ಐಬುಪ್ರೊಫೆನ್‌ನಲ್ಲಿ. ಮತ್ತೆ ಕೊಟ್ಟಾಗ ಬರಲಿಲ್ಲ ಎಂದು −1 ಸೇರಿಸಿದರೂ ಅಂಕ 3, ಅಂದರೆ ಇನ್ನೂ ಪಾಸಿಬಲ್! ಔಷಧಿಯ ನಂತರ ಬಂತು, ನಿಲ್ಲಿಸಿದಾಗ ಹೋಯಿತು ಎಂಬ ಅಂಕಗಳು ಮೊದಲೇ ಜೇಬಿಗೆ ಬಿದ್ದಿವೆ. ಅವನ್ನು ಕಿತ್ತುಕೊಳ್ಳುವ ಪ್ರಶ್ನೆ ಸ್ಕೇಲ್‌ನಲ್ಲಿ ಇಲ್ಲ. ಯುಎಂಸಿಯಲ್ಲಿ ಪರಿಶೀಲಕರು ಇದನ್ನು ಅನ್‌ಲೈಕ್ಲಿಗೆ ಇಳಿಸಬಹುದು. ಆದರೆ ಆ ವರ್ಗದ ಮಾನದಂಡದಲ್ಲಿ ಕಾಲದ ಅಸಂಬದ್ಧತೆಯೂ ಇರುವುದರಿಂದ ಅಕ್ಷರಶಃ ಓದುವವರು ಪಾಸಿಬಲ್‌ನಲ್ಲೇ ಬಿಡುತ್ತಾರೆ. ಇದೇ ಯುಎಂಸಿಯ ದೌರ್ಬಲ್ಯ: ಇಬ್ಬರು ಕೂತರೆ ಎರಡು ಉತ್ತರ ಬರಬಹುದು.

ಸ್ಪಾಂಟೇನಿಯಸ್ ವರದಿಗಳ ಮಟ್ಟಿಗೆ ನಾರಾಂಜೊಗೆ ಇನ್ನೊಂದು ತೊಡಕಿದೆ. ಪ್ಲಸೀಬೊ ಕೊಟ್ಟು ನೋಡಿದರೇ, ರಕ್ತದಲ್ಲಿ ಔಷಧಿಯ ವಿಷಮಟ್ಟ ಅಳೆದರೇ ಎಂಬ ಪ್ರಶ್ನೆಗಳಿಗೆ ಎಡಿಆರ್ ಫಾರ್ಮ್‌ನಲ್ಲಿ ಉತ್ತರ ಸಿಗುವುದು ಅಪರೂಪ. ರೀಚಾಲೆಂಜ್, ಡೋಸ್ ಬದಲಾವಣೆ, ಹಿಂದಿನ ಅನುಭವ ಇವೂ ಖಾಲಿ ಇದ್ದರೆ ಸಿಗಬಹುದಾದ ಗರಿಷ್ಠ ಅಂಕವೇ 7. ಹಾಗಾಗಿ ಪೇಪರ್‌ನಲ್ಲಿ ‘ಡೆಫಿನೆಟ್ ಪ್ರಕರಣ ಒಂದೂ ಇಲ್ಲ’ ಎಂದು ಬರೆದರೆ ಅದು ಔಷಧಿಯ ಬಗ್ಗೆ ಹೇಳುವುದಕ್ಕಿಂತ ಫಾರ್ಮ್‌ನ ಬಗ್ಗೆ ಹೇಳುತ್ತದೆ. ಇನ್ನೂ ಕೆಟ್ಟದ್ದು, ಐದನೇ ಪ್ರಶ್ನೆಗೆ ‘ಗೊತ್ತಿಲ್ಲ’ ಎನ್ನುವ ಬದಲು ‘ಇಲ್ಲ’ ಎಂದು ಗುರುತು ಹಾಕುವುದು. ಬೇರೆ ಔಷಧಿಗಳ ಕಾಲಂ ಖಾಲಿ ಇದ್ದ ಮಾತ್ರಕ್ಕೆ ಪರ್ಯಾಯ ಕಾರಣ ಇಲ್ಲವೆಂದಲ್ಲ. ಆ ಒಂದು ಗುರುತಿನಿಂದ ಎರಡು ಅಂಕ ಏರುತ್ತದೆ, 3 ಬರಬೇಕಾದ್ದು 5 ಆಗಿ ಪಾಸಿಬಲ್ ಪ್ರಾಬಬಲ್ ಆಗುತ್ತದೆ. ಪ್ರಾಬಬಲ್‌ಗಳ ಪಾಲು ಅನುಮಾನ ಬರುವಷ್ಟು ಹೆಚ್ಚಿದ್ದರೆ ಮೊದಲು ತಡಕಾಡಬೇಕಾದ್ದು ಅಲ್ಲೇ. ಯುಎಂಸಿ ಇಲ್ಲಿ ಪ್ರಾಮಾಣಿಕ: ಮಾಹಿತಿ ಬರಬೇಕಿದ್ದರೆ ಕಂಡಿಷನಲ್, ಬರುವ ದಾರಿಯೇ ಇಲ್ಲದಿದ್ದರೆ ಅನ್‌ಅಸೆಸಬಲ್ ಎಂಬ ಜಾಗ ಇದೆ. ನಾರಾಂಜೊದಲ್ಲಿ ಗೊತ್ತಿಲ್ಲದ್ದೆಲ್ಲ ಸೊನ್ನೆಯೊಳಗೆ ಅಡಗುತ್ತದೆ.

ನಮ್ಮ ಆಯ್ಕೆ ಯುಎಂಸಿ ಮುಖ್ಯ, ನಾರಾಂಜೊ ಜೊತೆಗೆ. ಇಬ್ಬರು ಬೇರೆ ಬೇರೆಯಾಗಿ ವರ್ಗೀಕರಿಸಲಿ, ಇಬ್ಬರ ಒಮ್ಮತ ಅಳೆಯುವ ಕಪ್ಪಾ ಮೌಲ್ಯ ಕೊಡಿ, ಭಿನ್ನಮತ ಯಾರು ಹೇಗೆ ಬಗೆಹರಿಸಿದರು ಎಂದು ಬರೆಯಿರಿ. ಯಕೃತ್ತಿನ ತೊಂದರೆಗೆ ಇವೆರಡೂ ಸಾಲವು, ಅದಕ್ಕೆಂದೇ ಇರುವ ರೂಕಾಮ್ ಸ್ಕೇಲ್ ಬೇಕು.

ಪೇಪರ್‌ನ ಕೋಷ್ಟಕದಲ್ಲಿ ಎಣಿಕೆಯ ಘಟಕ ಔಷಧಿ-ಪರಿಣಾಮ ಜೋಡಿ ಎಂದು ಸ್ಪಷ್ಟವಾಗಿರಲಿ. ಮೇಲಿನ ರೋಗಿ ಒಂದು ವರದಿ, ಒಂದು ಪರಿಣಾಮ, ಆದರೆ ಎರಡು ಜೋಡಿ. ಮೂರನ್ನೂ ಬೇರೆ ಸಾಲಿನಲ್ಲಿ ಕೊಡದಿದ್ದರೆ ಒಟ್ಟು ಸಂಖ್ಯೆ ಕೂಡುವುದಿಲ್ಲ. ಶೇಕಡಾವಾರು ಕೊಡುವಾಗ ‘ಬಂದ ವರದಿಗಳಲ್ಲಿ’ ಎಂದೇ ಬರೆಯಬೇಕು, ‘ಔಷಧಿ ತೆಗೆದುಕೊಂಡವರಲ್ಲಿ’ ಎಂದಲ್ಲ. ಎಷ್ಟು ಜನ ತೆಗೆದುಕೊಂಡರು ಎಂಬ ಲೆಕ್ಕ ಈ ವರದಿಗಳಲ್ಲಿ ಇರುವುದೇ ಇಲ್ಲ.