ಮೆರೊಪೆನೆಮ್ ಮುಂದುವರಿಸುವುದೋ, ಸೆಫ್ಟ್ರಿಯಾಕ್ಸೋನ್‌ಗೆ ಇಳಿಯುವುದೋ?

ಒಬ್ಬ ರೋಗಿಗೆ ಮೂತ್ರದ ಸೋಂಕು ರಕ್ತಕ್ಕೆ ಹರಡಿದೆ, ಬಿಪಿ ಇಳಿದಿದೆ. ಪ್ರಬಲ ಆಂಟಿಬಯೋಟಿಕ್ ಮೆರೊಪೆನೆಮ್ ಶುರು ಮಾಡಿದ್ದು ಸರಿಯೇ. ಮೂರನೇ ದಿನ ಕಲ್ಚರ್ ವರದಿ ಬಂತು: ಇ. ಕೋಲಿ, ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗುತ್ತದೆ. ಜ್ವರವೂ ಇಳಿದಿದೆ. ಈಗ?

"ಕೆಲಸ ಮಾಡ್ತಿದೆ, ಯಾಕೆ ಬದಲಿಸೋದು?" ಎನ್ನುವವರು ಜಾಸ್ತಿ. ಆದರೆ ಈ ಇ. ಕೋಲಿಗೆ ಮೆರೊಪೆನೆಮ್‌ನಿಂದ ಹೆಚ್ಚಿನ ಲಾಭವಿಲ್ಲ. ಅದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ವ್ಯಾಪಕವಾಗಿ ಕೊಲ್ಲುತ್ತದೆ, ಮೆರೊಪೆನೆಮ್ ಸೇರಿದ ಕಾರ್ಬಪೆನೆಮ್ ಗುಂಪಿಗೆ ಬಗ್ಗದ ತಳಿಗಳಿಗೆ ಜಾಗ ಬಿಡುತ್ತದೆ. ಸೆಫ್ಟ್ರಿಯಾಕ್ಸೋನ್ ದಿನಕ್ಕೊಮ್ಮೆ ಸಾಕು. ಮೆರೊಪೆನೆಮ್ ಸಾಮಾನ್ಯವಾಗಿ ಎಂಟು ಗಂಟೆಗೊಮ್ಮೆ. ನಾನಾದರೆ ಅದೇ ದಿನ ಇಳಿಸುತ್ತೇನೆ. ವರದಿಯಲ್ಲಿ ಇಎಸ್‌ಬಿಎಲ್, ಅಂದರೆ ಸೆಫ್ಟ್ರಿಯಾಕ್ಸೋನ್‌ನಂಥ ಔಷಧವನ್ನು ಒಡೆಯುವ ಕಿಣ್ವ ಇದೆ ಎಂದಿದ್ದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ.

ಒಟ್ಟು ಚಿಕಿತ್ಸೆ 7 ದಿನವೋ, 14 ದಿನವೋ? ರಕ್ತದ ಸೋಂಕಿಗೆ ಇವೆರಡನ್ನೂ ಹೋಲಿಸಿದ ಬ್ಯಾಲೆನ್ಸ್ ಅಧ್ಯಯನ 2024ರಲ್ಲಿ ಪ್ರಕಟವಾಯಿತು. 7 ದಿನ ಪಡೆದವರಲ್ಲಿ ಸಾವು ಹೆಚ್ಚಲಿಲ್ಲ. ಹಾಗಾಗಿ ಈ ರೋಗಿಗೆ 7 ಸಾಕು. ಎಣಿಕೆ ಮೆರೊಪೆನೆಮ್‌ನ ಮೊದಲ ಡೋಸ್‌ನಿಂದಲೇ, ಔಷಧ ಬದಲಿಸಿದ ದಿನದಿಂದಲ್ಲ. ಎಷ್ಟೋ ಕಡೆ ಸುಮ್ನೆ ಎರಡು ದಿನ ಜಾಸ್ತಿಯಾಗುವುದು ಇಲ್ಲೇ.

ಜ್ವರ ಮರುಕಳಿಸಿದರೆ ದಿನ ಎಳೆಯುವ ಮೊದಲು ಸ್ಕ್ಯಾನ್ ಮಾಡಿಸಿ. ಕಿಡ್ನಿಯಲ್ಲಿ ಕೀವು ಕಟ್ಟಿದ್ದರೆ, ಕಲ್ಲು ಅಡ್ಡವಾಗಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ರಕ್ತದಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಬೆಳೆದಿದ್ದರೆ 7 ದಿನದ ಮಾತೇ ಬೇಡ. ಕನಿಷ್ಠ 14 ಬೇಕು.